ಎ/ಬಿ ಟೆಸ್ಟ್ ಇಂಟರ್ವ್ಯೂ ಪ್ರಶ್ನೆಗಳು: ಪಿ ವ್ಯಾಲ್ಯೂ, ಸ್ಯಾಂಪಲ್ ಸೈಜ್, ಮತ್ತೆ ಮಧ್ಯದಲ್ಲೇ ಇಣುಕೋ ಚಟ

ಡೇಟಾ ಸೈನ್ಸ್ ಇಂಟರ್ವ್ಯೂಗೆ ಓದ್ತಿರೋರು ನನ್ನತ್ರ ಕೇಳೋ ಪ್ರಶ್ನೆಗಳು ಸುತ್ತಿ ಬಳಸಿ ಇಲ್ಲಿಗೇ ಬರ್ತವೆ, ಅದಕ್ಕೆ ಒಂದೇ ಕಡೆ ಬರೆದಿಡ್ತಿದೀನಿ. ಪ್ರತಿ ಪ್ರಶ್ನೆಗೂ ಬೇರೆ ಬೇರೆ ಉದಾಹರಣೆ ಕೊಟ್ರೆ ತಲೆ ಕೆಡುತ್ತೆ, ಹಾಗಾಗಿ ಕೊನೇವರೆಗೂ ಒಂದೇ ಕೇಸ್ ಇಟ್ಕೊಳ್ಳೋಣ. ಆನ್‌ಲೈನ್ ಅಂಗಡಿ ಒಂದಿದೆ ಅಂದ್ಕೊಳ್ಳಿ, ನಂಬರ್ ಎಲ್ಲ ನಾನೇ ಮಾಡ್ಕೊಂಡಿರೋದು. ಎ ಅಂದ್ರೆ ಈಗಿರೋ ಪ್ರಾಡಕ್ಟ್ ಪೇಜ್. ಬಿ ಅಂದ್ರೆ ಅದೇ ಪೇಜ್, ಆದ್ರೆ ಬೆಲೆ ಪಕ್ಕದಲ್ಲೇ "ನಿಮ್ಮ ಪಿನ್‌ಕೋಡ್‌ಗೆ ಗುರುವಾರ ತಲುಪುತ್ತೆ" ಅಂತ ತೋರಿಸುತ್ತೆ. ದಿನಕ್ಕೆ 4,500 ಜನ ಹೊಸಬರು ಬರ್ತಾರೆ, ಅರ್ಧ ಜನಕ್ಕೆ ಎ, ಅರ್ಧ ಜನಕ್ಕೆ ಬಿ. ಸದ್ಯಕ್ಕೆ ನೂರರಲ್ಲಿ ಐದು ಜನ ಆರ್ಡರ್ ಮಾಡ್ತಾರೆ.

ಪಿ ವ್ಯಾಲ್ಯೂ ಅಂದ್ರೆ ಏನು ಅಂತ ಕೇಳಿದ್ರೆ ಒಂದೇ ಉಸಿರಲ್ಲಿ ಏನು ಹೇಳ್ಬೇಕು?

ಎ ಮತ್ತೆ ಬಿ ಮಧ್ಯೆ ನಿಜವಾಗ್ಲೂ ಏನೂ ವ್ಯತ್ಯಾಸ ಇಲ್ಲ ಅಂತಲೇ ಇಟ್ಕೊಳ್ಳಿ. ಆಗಲೂ ಬರೀ ಅದೃಷ್ಟದಿಂದ, ಈಗ ನಮ್ಮ ಕಣ್ಮುಂದೆ ಇರೋಷ್ಟು ಅಥವಾ ಅದಕ್ಕಿಂತ ದೊಡ್ಡ ವ್ಯತ್ಯಾಸ ಕಾಣಿಸೋ ಸಾಧ್ಯತೆ ಎಷ್ಟು? ಅದೇ ಪಿ ವ್ಯಾಲ್ಯೂ. ಇದರಲ್ಲಿ "ಏನೂ ವ್ಯತ್ಯಾಸ ಇಲ್ಲ ಅಂತ ಇಟ್ಕೊಂಡ್ರೆ" ಅನ್ನೋ ಮಾತು ಬಿಟ್ರೆ ಇಡೀ ಉತ್ತರ ತಪ್ಪಾಗುತ್ತೆ, ಮತ್ತೆ ಹತ್ತರಲ್ಲಿ ಏಳೆಂಟು ಜನ ಬಿಡೋದೂ ಅದನ್ನೇ.

"ಪಿ 0.03 ಅಂದ್ರೆ ಬಿ ಗೆದ್ದಿಲ್ಲ ಅನ್ನೋ ಚಾನ್ಸ್ ಬರೀ 3%" ಅಂತ ಹೇಳಿದ್ರೆ ಏನು ತಪ್ಪು?

ತಪ್ಪೇ, ಮತ್ತೆ ಇಂಟರ್ವ್ಯೂ ಮಾಡೋರು ಬೇಕಂತಲೇ ಕಾಯ್ಕೊಂಡು ಕೂತಿರೋ ತಪ್ಪು. ಪಿ ವ್ಯಾಲ್ಯೂ ಲೆಕ್ಕ ಶುರುವಾಗೋದೇ "ವ್ಯತ್ಯಾಸ ಇಲ್ಲ" ಅಂತ ಒಪ್ಕೊಂಡು, ಹಾಗಿರುವಾಗ ಅದು ವ್ಯತ್ಯಾಸ ಇದೆಯೋ ಇಲ್ವೋ ಅನ್ನೋದರ ಸಾಧ್ಯತೆ ಹೆಂಗೆ ಹೇಳುತ್ತೆ?

ಬಾಯಲ್ಲಿ ವಿವರಿಸೋದಕ್ಕಿಂತ ಪೇಪರ್ ಮೇಲೆ ತೋರಿಸಿ. ಒಂದು ವರ್ಷದಲ್ಲಿ ಟೀಮ್ 100 ಟೆಸ್ಟ್ ಮಾಡಿತು, ಅದರಲ್ಲಿ 10 ಐಡಿಯಾ ಮಾತ್ರ ನಿಜವಾಗ್ಲೂ ಕೆಲಸ ಮಾಡ್ತವೆ ಅಂದ್ಕೊಳ್ಳಿ (ಇದೂ ಸ್ವಲ್ಪ ಉದಾರವಾಗೇ ಇದೆ ಅನ್ಸುತ್ತೆ ನಂಗೆ). ಪವರ್, ಅಂದ್ರೆ ನಿಜವಾದ ವ್ಯತ್ಯಾಸ ಇದ್ದಾಗ ಅದನ್ನ ಹಿಡಿಯೋ ಸಾಧ್ಯತೆ, 80% ಇದ್ರೆ ಆ ಹತ್ತರಲ್ಲಿ 8 ಸಿಗ್ನಿಫಿಕೆಂಟ್ ಬರ್ತವೆ, ಅಂದ್ರೆ ಪಿ 0.05ರ ಕೆಳಗೆ ಇಳಿಯುತ್ತೆ. ಉಳಿದ 90 ಡಮ್ಮಿ ಐಡಿಯಾಗಳಲ್ಲಿ 5% ಅಂದ್ರೆ ನಾಲ್ಕೈದು ಸುಮ್ಮನೇ ಸಿಗ್ನಿಫಿಕೆಂಟ್ ಬರ್ತವೆ. ಒಟ್ಟು ಗೆದ್ದವು ಹನ್ನೆರಡು ಹದಿಮೂರು, ಅದರಲ್ಲಿ ಸುಮಾರು 36% ಸುಳ್ಳು. 5% ಅಲ್ಲ, 36%. ಈ ಲೆಕ್ಕ ನೆನಪಿಟ್ಕೊಳ್ಳಿ, ಇಣುಕೋ ಪ್ರಶ್ನೆಗೆ ಬಂದಾಗ ಮತ್ತೆ ಬೇಕಾಗುತ್ತೆ.

ಪಿ 0.05ಗಿಂತ ಜಾಸ್ತಿ ಬಂದ್ರೆ ವ್ಯತ್ಯಾಸ ಇಲ್ಲ ಅಂತ ತಾನೇ?

ಅಲ್ಲ. "ಸಾಕ್ಷಿ ಸಾಲಲಿಲ್ಲ" ಅಂತ ಅಷ್ಟೇ. ಇದಕ್ಕೆ ನಂಬರ್ ಸಮೇತ ಉತ್ತರ ಕೆಳಗೆ 14ನೇ ದಿನದ ರಿಸಲ್ಟ್ ನೋಡುವಾಗ ಸಿಗುತ್ತೆ.

0.05 ಎಲ್ಲಿಂದ ಬಂತು?

ಫಿಶರ್ 1925ರ ಪುಸ್ತಕದಲ್ಲಿ ಅನುಕೂಲಕ್ಕೆ ಅಂತ ಹಾಕಿದ ಗೆರೆ, ರೂಢಿಯಾಗಿ ಉಳ್ಕೊಂಡ್ಬಿಡ್ತು. ಪ್ರಕೃತಿ ನಿಯಮ ಏನಲ್ಲ.

ಇನ್ನೊಂದು ವಿಷಯ, ಸಿಲಬಸ್‌ನಲ್ಲಿಲ್ಲ ಆದ್ರೂ ಹೇಳ್ತೀನಿ. ಎರಡು ಕನ್ವರ್ಷನ್ ರೇಟ್ ಹೋಲಿಸೋಕೆ ನಾವೆಲ್ಲ ಹಾಕೋ ಝಡ್ ಟೆಸ್ಟ್ ಇದ್ಯಲ್ಲ, ಎ ಮತ್ತೆ ಬಿ ಎರಡನ್ನೂ ಸೇರಿಸಿ ಒಂದೇ ರೇಟ್ ತೆಗೆದು ಅದರಿಂದ ಸ್ಟ್ಯಾಂಡರ್ಡ್ ಎರರ್ ಲೆಕ್ಕ ಹಾಕೋದು, ಅದು ಸಿ. ಆರ್. ರಾವ್ ಅವರು 1948ರಲ್ಲಿ ಕೊಟ್ಟ ಸ್ಕೋರ್ ಟೆಸ್ಟ್‌ನ ಒಂದು ರೂಪ. ರಾವ್ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ, 1920ರಲ್ಲಿ. "ಸೇರಿಸಿ ಯಾಕೆ ಲೆಕ್ಕ ಹಾಕ್ತೀರಾ, ಬೇರೆ ಬೇರೆ ಯಾಕಲ್ಲ" ಅಂತ ಕೇಳಿದ್ರೆ ಉತ್ತರ ಸುಲಭ: ವ್ಯತ್ಯಾಸ ಇಲ್ಲ ಅಂತ ಒಪ್ಕೊಂಡು ಲೆಕ್ಕ ಮಾಡ್ತಿದೀವಿ, ವ್ಯತ್ಯಾಸ ಇಲ್ಲ ಅಂದ್ಮೇಲೆ ಇಬ್ಬರದ್ದೂ ಒಂದೇ ರೇಟ್ ತಾನೇ.

ಸ್ಯಾಂಪಲ್ ಸೈಜ್ ಎಷ್ಟು ಬೇಕು ಅಂತ ಬೋರ್ಡ್ ಮೇಲೆ ಹೆಂಗೆ ಲೆಕ್ಕ ಹಾಕೋದು?

ಮೊದ್ಲು ಒಂದು ಮಾತು. ಅನ್ನ ಬೆಂದಿದ್ಯಾ ಅಂತ ನೋಡೋಕೆ ಒಂದು ಅಗುಳು ಸಾಕು, ಯಾಕಂದ್ರೆ ಪಾತ್ರೆಯೊಳಗೆ ಎಲ್ಲ ಅಗುಳೂ ಹೆಚ್ಚು ಕಮ್ಮಿ ಒಂದೇ ಥರ ಇರುತ್ತೆ. ಗ್ರಾಹಕರು ಹಂಗಲ್ಲ, ನೂರರಲ್ಲಿ ಐದು ಜನ ತಗೋತಾರೆ ಉಳಿದೋರು ಹೋಗ್ತಾರೆ, ಆ ಏರುಪೇರು ಎಷ್ಟಿದೆಯೋ ಅಷ್ಟು ಜನ ಬೇಕು, ಮತ್ತೆ ಹಿಡಿಬೇಕಾಗಿರೋ ವ್ಯತ್ಯಾಸ ಎಷ್ಟು ಸಣ್ಣದೋ ಅಷ್ಟು ಜಾಸ್ತಿ ಬೇಕು. ಸೂತ್ರ ಇಷ್ಟನ್ನೇ ಹೇಳುತ್ತೆ:

```
n = 16 * r * (1 - r) / d^2
```

`r` ಅಂದ್ರೆ ಈಗಿನ ರೇಟ್, `d` ಅಂದ್ರೆ ನಾವು ಹಿಡಿಯಲೇಬೇಕು ಅಂದ್ಕೊಂಡಿರೋ ಕನಿಷ್ಠ ವ್ಯತ್ಯಾಸ, `n` ಅನ್ನೋದು ಒಂದೊಂದು ಗುಂಪಿಗೆ ಬೇಕಾದ ಜನ. ಆ 16 ಎಲ್ಲಿಂದ ಬಂತು ಅಂತ ಖಂಡಿತ ಕೇಳ್ತಾರೆ. 5% ಲೆವೆಲ್‌ಗೆ 1.96, 80% ಪವರ್‌ಗೆ 0.84, ಕೂಡಿದ್ರೆ 2.8, ಅದರ ವರ್ಗ 7.84, ಎರಡು ಗುಂಪು ಇರೋದ್ರಿಂದ ಎರಡರಿಂದ ಗುಣಿಸಿ, 15.7. ಅದನ್ನೇ 16 ಅಂತ ಹಿಡ್ಕೊಂಡಿರೋದು.

ನಮ್ಮ ಕೇಸ್‌ಗೆ ಹಾಕಿ: 5% ಇಂದ 5.5%ಗೆ ಏರಿದ್ರೆ ಹಿಡಿಬೇಕು. ಹಾಗಾಗಿ `d` 0.005, ಮೇಲೆ 16 ಸಲ 0.0475 ಅಂದ್ರೆ 0.76, ಭಾಗಿಸಿದ್ರೆ 30,400. ಕರಾರುವಾಕ್ಕಾಗಿ ಮಾಡಿದ್ರೆ ಗುಂಪಿಗೆ ಸುಮಾರು 31,200 ಬರುತ್ತೆ, ಬೋರ್ಡ್ ಮೇಲೆ 30,400 ಬರೆದ್ರೂ ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಎರಡೂ ಗುಂಪು ಸೇರಿ 62,400, ದಿನಕ್ಕೆ 4,500 ಜನ, ಹತ್ತಿರ ಹತ್ತಿರ 14 ದಿನ. ಪೂರ್ತಿ ಎರಡು ವಾರ ಆಗಿದ್ದು ಒಳ್ಳೇದೇ ಆಯ್ತು, 11 ದಿನ ಅಂತ ಬಂದಿದ್ರೂ ನಾನು 14ಕ್ಕೇ ಹೋಗ್ತಿದ್ದೆ, ಯಾಕಂದ್ರೆ ಶನಿವಾರ ಭಾನುವಾರ ಬರೋ ಜನ ಬೇರೆ, ಸೋಮವಾರ ಆಫೀಸ್‌ನಲ್ಲಿ ಕೂತು ನೋಡೋ ಜನ ಬೇರೆ.

"10% ಲಿಫ್ಟ್" ಅಂದ್ರೆ 5% ಇಂದ 15%ಗಾ, 5.5%ಗಾ?

ಕೇಳಿ! ಊಹೆ ಮಾಡ್ಬೇಡಿ, ಇಂಟರ್ವ್ಯೂ ಮಾಡ್ತಿರೋರನ್ನೇ ಕೇಳಿ. ಸಾಮಾನ್ಯವಾಗಿ ಪ್ರಾಡಕ್ಟ್ ಕಡೆಯೋರು 10% ಅಂದ್ರೆ ಇರೋದ್ರಲ್ಲಿ ಹತ್ತು ಪರ್ಸೆಂಟ್ ಜಾಸ್ತಿ, ಅಂದ್ರೆ 5 ಇದ್ದಿದ್ದು 5.5. ಅದೇ ಅವರು "5% ಲಿಫ್ಟ್ ಸಾಕು" ಅಂದ್ರೆ 5.25 ಆಯ್ತು, `d` ಅರ್ಧ ಆಯ್ತು, ಜನ ನಾಲ್ಕು ಪಟ್ಟು ಬೇಕು, ಗುಂಪಿಗೆ 1,21,600. ನಮ್ಮ ಟ್ರಾಫಿಕ್‌ನಲ್ಲಿ 54 ದಿನ. ಇದನ್ನ ಹೇಳಿದ ತಕ್ಷಣ ಎದುರಿಗಿರೋರ ಮುಖ ನೋಡಿ, ಅವರು ಕೇಳ್ಬೇಕು ಅಂದ್ಕೊಂಡಿದ್ದೇ ಇದು: ಎರಡು ತಿಂಗಳು ಕಾಯೋವಷ್ಟು ಬೆಲೆ ಆ ಸಣ್ಣ ಲಿಫ್ಟ್‌ಗೆ ಇದ್ಯಾ? ಅದು ಸ್ಟ್ಯಾಟಿಸ್ಟಿಕ್ಸ್ ಪ್ರಶ್ನೆ ಅಲ್ಲ, ಬಿಸಿನೆಸ್ ಪ್ರಶ್ನೆ.

ಸರಿ, ಪೀಕಿಂಗ್ ಅಂದ್ರೆ ಏನು? ಡ್ಯಾಶ್‌ಬೋರ್ಡ್ ನೋಡೋದೇ ತಪ್ಪಾ?

ನೋಡೋದು ತಪ್ಪಲ್ಲ. ನೋಡಿ, ಪಿ 0.05ರ ಕೆಳಗೆ ಇಳಿದಿದೆ ಅಂತ ಅಲ್ಲೇ ಟೆಸ್ಟ್ ನಿಲ್ಲಿಸಿ ಗೆದ್ದೆ ಅನ್ನೋದು ತಪ್ಪು. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸೋ ಕೆಲಸ.

ನಮ್ಮ ಟೆಸ್ಟ್ ನಾಲ್ಕನೇ ದಿನ ಹಿಂಗಿತ್ತು ಅಂದ್ಕೊಳ್ಳಿ. ಗುಂಪಿಗೆ 9,000 ಜನ ಆಗಿದಾರೆ. ಎ ಕಡೆ 450 ಆರ್ಡರ್, ಬಿ ಕಡೆ 515. ರೇಟ್ 5.00% ಮತ್ತೆ 5.72%. ಸ್ಟ್ಯಾಂಡರ್ಡ್ ಎರರ್ 0.336 ಪಾಯಿಂಟ್, ವ್ಯತ್ಯಾಸ 0.72 ಪಾಯಿಂಟ್, ವ್ಯತ್ಯಾಸವನ್ನ ಎರರ್‌ನಿಂದ ಭಾಗಿಸಿದ್ರೆ ಝಡ್ 2.15, ಪಿ ಸುಮಾರು 0.03. ಡ್ಯಾಶ್‌ಬೋರ್ಡ್‌ನಲ್ಲಿ ಹಸಿರು ಬಣ್ಣ ಬಂತು, ಗ್ರೂಪ್‌ನಲ್ಲಿ ಸ್ಕ್ರೀನ್‌ಶಾಟ್ ಓಡಾಡ್ತು, ಪ್ರಾಡಕ್ಟ್ ಮ್ಯಾನೇಜರ್ "ಇನ್ನೂ ಹತ್ತು ದಿನ ಯಾಕೆ ವೇಸ್ಟ್" ಅಂತಾರೆ.

ಯಾರೂ ಮುಟ್ಟದೆ 14ನೇ ದಿನದವರೆಗೆ ಬಿಟ್ರು ಅನ್ನಿ. ಗುಂಪಿಗೆ 31,500 ಜನ, ಎ 1,588, ಬಿ 1,651. ರೇಟ್ 5.04% ಮತ್ತೆ 5.24%, ವ್ಯತ್ಯಾಸ 0.2 ಪಾಯಿಂಟ್, ಝಡ್ 1.14, ಪಿ 0.26. ಹಸಿರು ಹೋಯ್ತು.

ಈಗ ಮೇಲೆ ಬಾಕಿ ಇಟ್ಟಿದ್ದ ಉತ್ತರ. ಪಿ 0.26 ಬಂತು, ಹಂಗಂತ ಬಿ ದಂಡ ಅಂತ ಬರೆಯಂಗಿಲ್ಲ. 95% ಕಾನ್ಫಿಡೆನ್ಸ್ ಇಂಟರ್ವಲ್ ಮೈನಸ್ 0.14 ಇಂದ ಪ್ಲಸ್ 0.54 ಪಾಯಿಂಟ್. ಸೊನ್ನೆನೂ ಒಳಗಿದೆ, ನಾವು ಆಸೆ ಪಟ್ಟಿದ್ದ 0.5 ಕೂಡ ಅಂಚಿನಲ್ಲಿ ಒಳಗೇ ಇದೆ. ಪಿ ವ್ಯಾಲ್ಯೂ ಹೇಳಿ ಸುಮ್ಮನಾಗೋ ಬದಲು ಈ ಇಂಟರ್ವಲ್ ಹೇಳಿದ್ರೆ ಕೇಳೋರಿಗೆ ಜಾಸ್ತಿ ಉಪಯೋಗ.

ದಿನಾ ನೋಡಿದ್ರೆ ತಪ್ಪಾಗೋ ಸಾಧ್ಯತೆ ನಿಜವಾಗ್ಲೂ ಎಷ್ಟು ಏರುತ್ತೆ?

ಇದು 1969ರಲ್ಲೇ ಲೆಕ್ಕ ಹಾಕಿ ಮುಗಿಸಿರೋ ವಿಷಯ, ಆರ್ಮಿಟೇಜ್, ಮ್ಯಾಕ್‌ಫರ್ಸನ್, ರೋ ಅಂತ ಮೂರು ಜನ. ಆಗ ವೆಬ್‌ಸೈಟ್ ಎಲ್ಲಿತ್ತು, ಔಷಧಿ ಟ್ರಯಲ್‌ನೋರಿಗೆ ಇದೇ ತಲೆನೋವು. ನಿಜವಾಗ್ಲೂ ವ್ಯತ್ಯಾಸ ಇಲ್ಲದೇ ಇದ್ದಾಗ 0.05 ಗೆರೆ ಇಟ್ಕೊಂಡು ಒಂದೇ ಸಲ ನೋಡಿದ್ರೆ 5% ಸಲ ಮೋಸ ಹೋಗ್ತೀವಿ. ಎರಡು ಸಲ ನೋಡಿದ್ರೆ 8.3%, ಐದು ಸಲಕ್ಕೆ 14.2%, ಹತ್ತು ಸಲಕ್ಕೆ 19.3%, ಇಪ್ಪತ್ತು ಸಲಕ್ಕೆ 24.8%. ನಮ್ಮ ಥರ 14 ದಿನ ದಿನಕ್ಕೊಂದ್ಸಲ ಅಂದ್ರೆ 22% ಆಸುಪಾಸು.

ಇಲ್ಲಿ ಒಂದು ಉಪಪ್ರಶ್ನೆ ಬರುತ್ತೆ: 14 ಸಲ ನೋಡಿದ್ರೆ 1 ಮೈನಸ್ 0.95ರ ಘಾತ 14, ಅಂದ್ರೆ 51% ಆಗ್ಬೇಕಲ್ವಾ? ಇಲ್ಲ, ಆ ಲೆಕ್ಕ ಪ್ರತಿ ಸಲವೂ ಹೊಸ ಡೇಟಾ ಆಗಿದ್ರೆ ಸರಿ. ಇಲ್ಲಿ ಐದನೇ ದಿನದ ಒಟ್ಟು ಮೊತ್ತದೊಳಗೆ ನಾಲ್ಕನೇ ದಿನದವರೆಗಿನದ್ದೆಲ್ಲ ಕೂತಿದೆ, ಒಂದಕ್ಕೊಂದು ಅಂಟ್ಕೊಂಡಿವೆ, ಅದಕ್ಕೆ 51ರ ಬದಲು 22. ಈ ವ್ಯತ್ಯಾಸ ಬಾಯಿಬಿಟ್ಟು ಹೇಳಿದೋರು ನಂಗೆ ತುಂಬಾ ಕಮ್ಮಿ ಸಿಕ್ಕಿದಾರೆ.

ಹಳೇ 100 ಟೆಸ್ಟ್ ಲೆಕ್ಕಕ್ಕೆ ಈಗ ವಾಪಸ್ ಬನ್ನಿ. 90 ಡಮ್ಮಿ ಐಡಿಯಾಗಳಲ್ಲಿ ನಾಲ್ಕೈದರ ಬದಲು 22% ಅಂದ್ರೆ 20 ಹತ್ತಿರ ಹಸಿರಾಗ್ತವೆ. ನಿಜವಾದ ಹತ್ತೂ ಸಿಕ್ಕಿದವು ಅಂತಲೇ ಇಟ್ಕೊಂಡ್ರೂ ಗೆದ್ದ ಮೂವತ್ತರಲ್ಲಿ ಇಪ್ಪತ್ತು ಸುಳ್ಳು.

ನಂಬಿಕೆ ಬರ್ತಿಲ್ಲ, ನಾನೇ ಚೆಕ್ ಮಾಡ್ಬಹುದಾ?

ಮಾಡಿ. ಟೇಕ್ ಹೋಮ್ ಅಸೈನ್‌ಮೆಂಟ್‌ನಲ್ಲೂ ಇದನ್ನ ಕೇಳ್ತಾರೆ. ಎರಡೂ ಗುಂಪಿಗೆ ಒಂದೇ 5% ರೇಟ್ ಕೊಟ್ಟಿದೀನಿ, ಹಾಗಾಗಿ ಬರೋ ಗೆಲುವೆಲ್ಲ ಸುಳ್ಳು ಗೆಲುವೇ:

```python
import numpy as np
rng = np.random.default_rng(7)
days, n, r, runs = 14, 2250, 0.05, 10000
a = rng.binomial(n, r, (runs, days)).cumsum(axis=1)
b = rng.binomial(n, r, (runs, days)).cumsum(axis=1)
N = n * np.arange(1, days + 1)
pool = (a + b) / (2 * N)
z = (b - a) / N / np.sqrt(pool * (1 - pool) * 2 / N)
print((abs(z[:, -1]) > 1.96).mean())
print((abs(z) > 1.96).any(axis=1).mean())
```

ಮೊದಲ ಸಾಲು 0.05 ಹತ್ತಿರ ಪ್ರಿಂಟ್ ಆಗುತ್ತೆ, ಎರಡನೇದು 0.22 ಹತ್ತಿರ. `cumsum` ಮರೆತ್ರೆ ಪ್ರತಿ ದಿನವೂ ಬೇರೆ ಡೇಟಾ ಆಗಿ ಮೇಲೆ ಹೇಳಿದ 51%ರ ಕಡೆಗೇ ಹೋಗುತ್ತೆ, ಜತೆಗೆ ಭಾಗಿಸೋ `N` ಕೂಡ ತಪ್ಪಾಗುತ್ತೆ, ಹುಷಾರು.

ಬಿ ನಿಜವಾಗ್ಲೂ ಚೆನ್ನಾಗಿದ್ರೆ ಬೇಗ ನಿಲ್ಲಿಸೋದ್ರಲ್ಲಿ ಏನು ನಷ್ಟ?

ಒಳ್ಳೇ ಪ್ರಶ್ನೆ. ನಷ್ಟ ಇದೆ. ನಾಲ್ಕನೇ ದಿನ ಸ್ಟ್ಯಾಂಡರ್ಡ್ ಎರರ್ 0.336 ಪಾಯಿಂಟ್ ಇತ್ತಲ್ವಾ, ಅವತ್ತು ಹಸಿರಾಗ್ಬೇಕು ಅಂದ್ರೆ ವ್ಯತ್ಯಾಸ ಕನಿಷ್ಠ 1.96 ಸಲ ಅಷ್ಟು, ಅಂದ್ರೆ 0.66 ಪಾಯಿಂಟ್ ದಾಟಲೇಬೇಕು. ಬಿ ನಿಜವಾಗ್ಲೂ 0.5 ಪಾಯಿಂಟ್ ಲಿಫ್ಟ್ ಕೊಡೋ ಪೇಜೇ ಆಗಿದ್ರೂ ನಾಲ್ಕನೇ ದಿನ ನಿಲ್ಲಿಸೋರಿಗೆ 0.66ಗಿಂತ ಕಮ್ಮಿ ನಂಬರ್ ಸಿಗೋದಕ್ಕೇ ಸಾಧ್ಯ ಇಲ್ಲ. ಅಂಥ ಪೇಜ್‌ನ ಟೆಸ್ಟ್ ಅವತ್ತು ಗೆದ್ದು ನಿಂತ್ರೆ ನಂಬರ್ ಉಬ್ಬಿರಲೇಬೇಕು.

ನಾನೇ ಇದನ್ನ ಮಾಡಿ ಅನುಭವಿಸಿದೀನಿ. ಹಳೇ ಕಂಪನಿಯೊಂದರಲ್ಲಿ ಮೂರನೇ ದಿನಕ್ಕೇ ಟೆಸ್ಟ್ ನಿಲ್ಲಿಸಿ ದೊಡ್ಡ ಲಿಫ್ಟ್ ಅಂತ ಸ್ಲೈಡ್ ಹಾಕಿದ್ದೆ, ಎಲ್ರೂ ಚಪ್ಪಾಳೆ ತಟ್ಟಿದ್ರು, ಕ್ವಾರ್ಟರ್ ಮುಗಿದ್ಮೇಲೆ ಫೈನಾನ್ಸ್‌ನೋರು ಬಂದು ಆ ಲಿಫ್ಟ್ ಎಲ್ಲಪ್ಪ, ನಮ್ಮ ಲೆಕ್ಕದಲ್ಲಿ ಕಾಣ್ತಾನೇ ಇಲ್ಲ ಅಂದ್ರು. ಉತ್ತರ ಇರ್ಲಿಲ್ಲ ನನ್ನತ್ರ.

14 ದಿನ ಮುಗೀತು, ಪಿ 0.06. ಇನ್ನೊಂದು ಮೂರು ದಿನ ಓಡಿಸ್ಲಾ?

ಇದೂ ಇಣುಕೋದೇ, ವೇಷ ಬೇರೆ. 0.04 ಬಂದಿದ್ರೆ "ಇನ್ನೂ ಮೂರು ದಿನ ಓಡಿಸಿ ಹಾಳಾಗುತ್ತಾ ನೋಡೋಣ" ಅಂತ ಯಾರೂ ಅನ್ನಲ್ಲ ಅಲ್ವಾ? ಬೇಕಾದ ಕಡೆ ಮಾತ್ರ ಎರಡನೇ ಅವಕಾಶ ಕೊಟ್ರೆ ಆ ಕಡೆಯ ತಪ್ಪು ಮಾತ್ರ ಏರುತ್ತೆ. ಬಂದಿದ್ದನ್ನ ಇಂಟರ್ವಲ್ ಸಮೇತ ರಿಪೋರ್ಟ್ ಮಾಡಿ. ತೀರಾ ಬೇಕಿದ್ರೆ ಹೊಸ ಟೆಸ್ಟ್, ಹೊಸ ಜನ, ಹೊಸ ಸ್ಯಾಂಪಲ್ ಸೈಜ್.

ಮಧ್ಯದಲ್ಲಿ ನೋಡಲೇಬೇಕು ಅಂದ್ರೆ ಸರಿಯಾದ ದಾರಿ ಇದ್ಯಾ?

ಇದೆ, ಆದ್ರೆ ಎಷ್ಟು ಸಲ ನೋಡ್ತೀನಿ ಅಂತ ಶುರು ಮಾಡೋ ಮುಂಚೆನೇ ಬರೆದಿಡ್ಬೇಕು. ಎರಡು ಹೆಸರು ಗೊತ್ತಿದ್ರೆ ಸಾಕು.

ಪೊಕಾಕ್ 1977ರಲ್ಲಿ ಹೇಳಿದ್ದು: ಪ್ರತಿ ಸಲ ನೋಡುವಾಗಲೂ ಒಂದೇ ಗೆರೆ ಇಟ್ಕೊಳ್ಳಿ, ಆದ್ರೆ 0.05ಗಿಂತ ಬಿಗಿಯಾಗಿ. ಎರಡು ಸಲ ನೋಡೋದಾದ್ರೆ 0.0294, ಐದು ಸಲಕ್ಕೆ 0.0158. ಒಟ್ಟು ತಪ್ಪು 5%ರಲ್ಲೇ ನಿಲ್ಲುತ್ತೆ. ಗಮನಿಸಿ, ನಾಲ್ಕನೇ ದಿನದ ನಮ್ಮ ಪಿ 0.03, ಕರೆಕ್ಟಾಗಿ ಹೇಳ್ಬೇಕು ಅಂದ್ರೆ 0.0315, ಎರಡೇ ಸಲ ನೋಡೋ ಪ್ಲಾನ್‌ನಲ್ಲೂ ಪಾಸಾಗ್ತಿರ್ಲಿಲ್ಲ.

ಓಬ್ರಿಯನ್ ಮತ್ತೆ ಫ್ಲೆಮಿಂಗ್ 1979ರಲ್ಲಿ ಬೇರೆ ಥರ ಮಾಡಿದ್ರು. ಶುರುವಲ್ಲಿ ಗೆರೆ ಆಕಾಶದಲ್ಲಿ, ಹೋಗ್ತಾ ಹೋಗ್ತಾ ಕೆಳಗೆ. ಸಮ ಅಂತರದಲ್ಲಿ ಐದು ಸಲ ನೋಡಿದ್ರೆ ಝಡ್ ಮೊದಲ ಸಲ 4.56 ದಾಟ್ಬೇಕು, ಆಮೇಲೆ 3.23, 2.63, 2.28, ಕೊನೇಗೆ 2.04. ಕೊನೇದು 1.96ರ ಪಕ್ಕದಲ್ಲೇ ಇದೆ, ಅಂದ್ರೆ ಕೊನೇವರೆಗೂ ಓಡಿಸಿದ್ರೆ ಹೆಚ್ಚೇನೂ ಕಳ್ಕೊಳ್ಳಲ್ಲ. ಪೊಕಾಕ್‌ನಲ್ಲಿ ಕೊನೇ ದಿನವೂ 2.41 ದಾಟ್ಬೇಕು, ಅದು ದುಬಾರಿ. ನನ್ನ ಮಟ್ಟಿಗೆ ಎರಡನೇದೇ ವಾಸಿ, ಬೇಗ ನಿಲ್ಲೋದು ಭಾರೀ ಪರಿಣಾಮ ಇದ್ದಾಗ ಮಾತ್ರ ತಾನೇ ಬೇಕಾಗಿರೋದು.

ದಿನಾ ಬೇಕಾದಾಗೆಲ್ಲ ನೋಡ್ಬಹುದಾದ ಸೀಕ್ವೆನ್ಶಿಯಲ್ ಟೆಸ್ಟ್‌ಗಳೂ ಇವೆ. ಅವಕ್ಕೆ ಬೆಲೆ ಅಂದ್ರೆ ಅದೇ ದಿನದ ಅದೇ ಡೇಟಾಗೆ ಇಂಟರ್ವಲ್ ಅಗಲವಾಗಿರುತ್ತೆ.

ಬೇಯೇಸಿಯನ್ ಮಾಡಿದ್ರೆ ಇಣುಕೋ ಸಮಸ್ಯೆನೇ ಇರಲ್ಲ ಅಂತಾರಲ್ಲ?

ಅರ್ಧ ಸತ್ಯ. ನಿಮ್ಮ ಪ್ರಯರ್, ಅಂದ್ರೆ ಡೇಟಾ ನೋಡೋ ಮುಂಚಿನ ಅಂದಾಜು, ನಿಜಕ್ಕೆ ಹತ್ತಿರ ಇದ್ರೆ, ಯಾವಾಗ ನಿಲ್ಲಿಸಿದ್ರೂ ಪೋಸ್ಟೀರಿಯರ್‌ನ, ಅಂದ್ರೆ ಡೇಟಾ ನೋಡಿದ್ಮೇಲಿನ ಅಂದಾಜಿನ, ಅರ್ಥ ಕೆಡಲ್ಲ, ಅದು ನಿಜ. ಆದ್ರೆ ಎಲ್ರೂ ಮಾಡೋದೇನು, ಫ್ಲ್ಯಾಟ್ ಪ್ರಯರ್ ಹಾಕಿ "ಬಿ ಗೆಲ್ಲೋ ಸಾಧ್ಯತೆ 95% ದಾಟಿದ ದಿನ ನಿಲ್ಲಿಸು" ಅಂತ ರೂಲ್ ಇಡ್ತಾರೆ. ಫ್ಲ್ಯಾಟ್ ಪ್ರಯರ್‌ನಲ್ಲಿ ಆ 95% ಹೆಚ್ಚು ಕಮ್ಮಿ ಒಂದು ಬದಿಯ ಪಿ 0.05 ಆಗಿದ್ದಷ್ಟೇ. ದಿನಾ ನೋಡಿದ್ರೆ ಸುಳ್ಳು ಗೆಲುವು ಅಲ್ಲೂ ಅದೇ ಥರ ಏರುತ್ತೆ. ಮೇಲಿನ ಕೋಡ್‌ನ ಕೊನೇ ಸಾಲಿನಲ್ಲಿ `abs(z) > 1.96` ತೆಗೆದು `z > 1.645` ಹಾಕಿ, ನೀವೇ ನೋಡಿ.

ಹಾಗಾದ್ರೆ ಮೊದಲ ದಿನ ಡ್ಯಾಶ್‌ಬೋರ್ಡ್ ತೆಗೆದು ಏನು ನೋಡ್ಬೇಕು?

ಟೆಸ್ಟ್ ಮುರಿದಿದೆಯಾ ಅಂತ ನೋಡಿ. ಪೇಜ್ ಕ್ರ್ಯಾಶ್, ಪೇಮೆಂಟ್ ಫೇಲ್, ಮತ್ತೆ ಮುಖ್ಯವಾಗಿ ಜನ ಸಮವಾಗಿ ಹಂಚ್ಕೊಂಡಿದಾರಾ ಅಂತ. ಈ ಹಂಚಿಕೆ ಕೊನೇವರೆಗೂ ನೋಡ್ತಾ ಇರಿ: 14ನೇ ದಿನಕ್ಕೆ 63,000 ಜನದಲ್ಲಿ 31,500 ಮತ್ತೆ 31,500 ಬರೋ ಬದಲು 32,100 ಮತ್ತೆ 30,900 ಬಂದ್ರೆ ಕಣ್ಣಿಗೆ ಏನೂ ಅನ್ಸಲ್ಲ, ಆದ್ರೆ ಅಂತರ 1,200, ಅದನ್ನ 63,000ದ ವರ್ಗಮೂಲ 251 ಇಂದ ಭಾಗಿಸಿದ್ರೆ ಝಡ್ 4.8. ಅದೃಷ್ಟದಿಂದ ಹಂಗೆ ಬರಲ್ಲ. ಬಿ ಪೇಜ್ ನಿಧಾನಕ್ಕೆ ಲೋಡ್ ಆಗಿ ಕೆಲವರು ಲೆಕ್ಕಕ್ಕೆ ಸಿಗೋ ಮುಂಚೆನೇ ಎದ್ದು ಹೋಗಿರ್ಬಹುದು. ಅಂಥ ಟೆಸ್ಟ್‌ನ ಪಿ ವ್ಯಾಲ್ಯೂ ಎಷ್ಟೇ ಚೆನ್ನಾಗಿದ್ರೂ ಬಿಸಾಕಿ, ಮೊದ್ಲು ಬಗ್ ಹುಡುಕಿ.

ಕೊನೇ ರೌಂಡ್‌ನಲ್ಲಿ ಕೇಳ್ತಾರೆ: "ನಾಲ್ಕನೇ ದಿನ, ಪಿ 0.03, ಮ್ಯಾನೇಜರ್ ಇವತ್ತೇ ಲಾಂಚ್ ಮಾಡಿ ಅಂತಿದಾರೆ. ಏನ್ ಮಾಡ್ತೀರಾ?"

"ಇಲ್ಲ ಸರ್, ಸ್ಟ್ಯಾಟಿಸ್ಟಿಕ್ಸ್ ಒಪ್ಪಲ್ಲ" ಅಂತ ಶುರು ಮಾಡಿದ್ರೆ ಅಲ್ಲಿಗೇ ಮಾತು ಮುಗೀತು. ನಾನು ಹಿಂಗೆ ಹೇಳ್ತೀನಿ: "ಸರ್, ಪ್ಲಾನ್ ಮಾಡಿದ 62,400 ಜನದಲ್ಲಿ ಈಗ 18,000 ಜನ ಬಂದಿದಾರೆ. ಇಷ್ಟರಲ್ಲೇ ದಿನಾ ನೋಡಿ ನಿಲ್ಲಿಸೋ ಅಭ್ಯಾಸ ಇಟ್ಕೊಂಡ್ರೆ ಏನೂ ಕೆಲಸ ಮಾಡದ ಐದು ಐಡಿಯಾದಲ್ಲಿ ಒಂದು ಗೆದ್ದ ಹಾಗೆ ಕಾಣುತ್ತೆ. ಈ 0.72 ಪಾಯಿಂಟ್ ನಂಬಿ ನೀವು ಟಾರ್ಗೆಟ್ ಬರೆದ್ರೆ ಮುಂದಿನ ಕ್ವಾರ್ಟರ್‌ನಲ್ಲಿ ಅದು ಸಿಗ್ದೇ ಇರ್ಬಹುದು. ಇನ್ನು ಹತ್ತು ದಿನ ಬೇಕು. ಅಷ್ಟರೊಳಗೆ ಲಾಂಚ್ ಮಾಡಲೇಬೇಕಾದ ಕಾರಣ ಏನಾದ್ರೂ ಇದ್ಯಾ, ಹಬ್ಬದ ಸೇಲ್ ಥರ?" ಇದ್ರೆ ಮಾತು ಬೇರೆ: ಪೇಜ್‌ನಿಂದ ತೊಂದರೆ ಏನೂ ಕಾಣ್ತಿಲ್ಲ ಅಂದ್ರೆ ಲಾಂಚ್ ಮಾಡಿ, ಆದ್ರೆ ನೂರಕ್ಕೆ ಹತ್ತು ಜನಕ್ಕೆ ಹಳೇ ಪೇಜೇ ಇಟ್ಟು ಅಳೀತಾ ಇರಿ, ಮತ್ತೆ ಸ್ಲೈಡ್ ಮೇಲೆ 0.72 ಅಂತ ಬರೀಬೇಡಿ.